ಪಿ.ಜಿ. ಊಟ, ಪರೀಕ್ಷೆ, ಜಿಮ್: ಮೂರನ್ನೂ ಒಂದೇ ದಿನದಲ್ಲಿ ಹೊಂದಿಸುವ ಬಗೆ

ಬೊಮ್ಮಸಂದ್ರದ ಬಹುತೇಕ ಪಿ.ಜಿ.ಗಳ ಅಡುಗೆಮನೆ ನಡೆಯುವುದು ಕಾರ್ಖಾನೆಗಳ ಶಿಫ್ಟಿಗೆ ತಕ್ಕಂತೆ. ಫಸ್ಟ್ ಶಿಫ್ಟಿಗೆ ಹೊರಡುವವರಿಗೆ ಬೆಳಗಿನ ಟೀ, ಜನರಲ್ ಶಿಫ್ಟಿನವರಿಗೆ ತಿಂಡಿ, ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಬರುವವರಿಗೆ ಮುಚ್ಚಿಟ್ಟ ಅನ್ನ ಸಾರು. ಅದೇ ಕಟ್ಟಡದಲ್ಲಿ ಕೋಣೆ ಹಿಡಿದಿರುವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದನ್ನೇ ತಿನ್ನುತ್ತಾನೆ. ದಿನವಿಡೀ ನಿಂತು ದುಡಿಯುವವರಿಗೆ ತಟ್ಟೆ ತುಂಬ ಅನ್ನ ಬೇಕು. ಕುಳಿತು ಓದಿ ಸಂಜೆ ಮುಕ್ಕಾಲು ಗಂಟೆ ಜಿಮ್ಮಿಗೆ ಹೋಗುವವನಿಗೆ ಅಷ್ಟೇ ಅನ್ನ ಬಿದ್ದರೆ ಮಧ್ಯಾಹ್ನ ಪುಸ್ತಕದ ಮೇಲೆ ತಲೆ ಬೀಳುತ್ತದೆ.

ಇದಕ್ಕೆ ಪರಿಹಾರವೆಂದು ಅನೇಕರು ಪರೀಕ್ಷೆಯ ತಿಂಗಳಲ್ಲಿ ಹೊಸದೊಂದು ‘ಡಯೆಟ್’ ಶುರುಮಾಡುತ್ತಾರೆ. ಓಟ್ಸ್, ಪ್ರೋಟೀನ್ ಪುಡಿ, ಎನರ್ಜಿ ಡ್ರಿಂಕ್ ಎಲ್ಲ ಕೋಣೆಗೆ ಬರುತ್ತವೆ. ಅಷ್ಟೆಲ್ಲ ಬೇಕಾಗಿಲ್ಲ. ಪಿ.ಜಿ. ಊಟದಲ್ಲಿ ಶಕ್ತಿಗೆ ಕೊರತೆಯಿಲ್ಲ, ಕೊರತೆ ಇರುವುದು ಪ್ರೋಟೀನಿಗೆ. ಇನ್ನೊಂದು ತೊಡಕು ಹೊತ್ತಿನದು. ಈ ಎರಡನ್ನು ಸರಿಪಡಿಸಿಕೊಂಡರೆ ಉಳಿದದ್ದು ಇದ್ದ ಹಾಗೇ ಇರಬಹುದು.

ತಟ್ಟೆಯಲ್ಲಿ ಏನಿದೆ, ಏನಿಲ್ಲ

ಉದಾಹರಣೆಗೆ 20ರ ಹರೆಯದ, 60 ಕೆ.ಜಿ. ತೂಕದ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ಐಸಿಎಂಆರ್ ಹೇಳುವಂತೆ ಸಾಮಾನ್ಯ ವಯಸ್ಕರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಅಂದರೆ ಇವನಿಗೆ ಸುಮಾರು 50 ಗ್ರಾಂ. ತೂಕ ಎತ್ತುವವರಿಗೆ 1.2ರಿಂದ 1.6 ಗ್ರಾಂವರೆಗೆ ಬೇಕೆಂದು ಕ್ರೀಡಾ ಪೋಷಣೆಯವರು ಲೆಕ್ಕ ಹಾಕುತ್ತಾರೆ. ಇವನಿಗೆ 75 ಗ್ರಾಂ ಎಂದು ಗುರಿ ಇಟ್ಟುಕೊಂಡರೆ ಸರಿ.

ಈಗ ಪಿ.ಜಿ.ಯ ಒಂದು ದಿನದ ಊಟವನ್ನು ಲೆಕ್ಕ ಹಾಕೋಣ. ಬೆಳಿಗ್ಗೆ ಮೂರು ಇಡ್ಲಿ, ಸಾಂಬಾರ್: ಹೆಚ್ಚೆಂದರೆ 9 ಗ್ರಾಂ. ಮಧ್ಯಾಹ್ನ ಅನ್ನ, ಹುಳಿ, ಪಲ್ಯ, ಸ್ವಲ್ಪ ಮೊಸರು: 18ರಿಂದ 20. ರಾತ್ರಿ ಮೂರು ಚಪಾತಿ, ಸಾಗು, ಒಂದು ಸೌಟು ಅನ್ನ: ಸುಮಾರು 17. ಒಟ್ಟು 45ರ ಆಸುಪಾಸು. ಸಾಂಬಾರ್ ನೀರಾಗಿದ್ದ ದಿನ ಇನ್ನೂ ಕಡಿಮೆ. ಅಂದರೆ ದಿನಕ್ಕೆ 30 ಗ್ರಾಂ ಹೊರಗಿನಿಂದ ತುಂಬಬೇಕು.

ಅದು ಕಷ್ಟವಲ್ಲ. ಬೇಯಿಸಿದ ಎರಡು ಮೊಟ್ಟೆಯಲ್ಲಿ 12 ಗ್ರಾಂ, 200 ಮಿ.ಲೀ. ಹಾಲಿನಲ್ಲಿ 6, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ ಇನ್ನೊಂದು 6, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ ಸಿಗುತ್ತದೆ. ಇಷ್ಟಕ್ಕೇ ಕೊರತೆ ತುಂಬಿತು. ಮೊಟ್ಟೆ ತಿನ್ನದವರು 25 ಗ್ರಾಂ ಒಣ ಸೋಯಾ ಚಂಕ್ಸನ್ನು ಬಿಸಿನೀರಿನಲ್ಲಿ ಚೆನ್ನಾಗಿ ಬೇಯಿಸಿ, ಹಿಂಡಿ, ರಾತ್ರಿಯ ಸಾಗುವಿಗೆ ಹಾಕಿಕೊಳ್ಳಬಹುದು. ಮೊಟ್ಟೆಯಷ್ಟೇ ಪ್ರೋಟೀನ್ ಅದರಲ್ಲಿದೆ. ಹುರಿಗಡಲೆಯಂತೂ ಒಲೆಯೇ ಬೇಡದ ಸಾಮಗ್ರಿ. ಐಸಿಎಂಆರ್‌ನ ಹೈದರಾಬಾದಿನ ಸಂಸ್ಥೆ ಎನ್‌ಐಎನ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬೇಡವೆಂದೇ ಹೇಳಿದೆ.

ಈ 30 ಗ್ರಾಮನ್ನು ಒಂದೇ ಹೊತ್ತಿಗೆ ಸುರಿದುಕೊಳ್ಳಬೇಡಿ. ಬೆಳಗಿನ ತಿಂಡಿಯಲ್ಲೇ ಕೊರತೆ ಹೆಚ್ಚು. ಬರೀ ಇಡ್ಲಿ ಅಥವಾ ಚಿತ್ರಾನ್ನ ಬೇಗ ಜೀರ್ಣವಾಗಿ ರಕ್ತಕ್ಕೆ ಗ್ಲೂಕೋಸನ್ನು ಒಮ್ಮೆಲೇ ಬಿಡುತ್ತದೆ. ಅದು ಏರಿದಷ್ಟೇ ಬೇಗ ಇಳಿಯುತ್ತದೆ. ಜೊತೆಗೆ ಮೊಟ್ಟೆಯೋ ದಪ್ಪ ಸಾಂಬಾರೋ ಕಾಳಿನ ಉಸಲಿಯೋ ಇದ್ದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಗ್ಲೂಕೋಸೂ ನಿಧಾನವಾಗಿ ಸೇರುತ್ತದೆ. ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಪಾಲು ಮಿದುಳಿಗೇ ಹೋಗುತ್ತದೆ, ಅದಕ್ಕೆ ಬೇಕಾಗಿರುವುದು ಇಂಥ ಎಡೆಬಿಡದ ಪೂರೈಕೆ. ಹಾಗೆಂದು ಹೆಚ್ಚು ಸಕ್ಕರೆ ತಿಂದರೆ ಮಿದುಳು ಹೆಚ್ಚು ಓಡುವುದಿಲ್ಲ.

ಬೆಳಗಿನ ಪರೀಕ್ಷೆಯ ಒಂದು ದಿನ

ವಿಟಿಯು ಪರೀಕ್ಷೆ ಸಾಮಾನ್ಯವಾಗಿ ಬೆಳಿಗ್ಗೆ 9.30ರಿಂದ 12.30ರವರೆಗೆ ಇರುತ್ತದೆ. ನಮ್ಮ ಹುಡುಗ ಬೊಮ್ಮಸಂದ್ರದಿಂದ ನಗರದ ಕಡೆಗೆ ಹೋಗಬೇಕು ಎಂದುಕೊಳ್ಳೋಣ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಹೊಸೂರು ರಸ್ತೆಯ ಟ್ರಾಫಿಕ್ಕಿನ ಭಯ ಕಡಿಮೆಯಾಗಿದೆ. ಆದರೆ ಮೆಟ್ರೊದಲ್ಲಿ ತಿನ್ನಲು ಬಿಡುವುದಿಲ್ಲ. ಹಾಗಾಗಿ ತಿಂಡಿ ಕೋಣೆಯಲ್ಲೇ ಮುಗಿಯಬೇಕು.

5.30ಕ್ಕೆ ಎದ್ದು ನೀರು ಕುಡಿದು ಓದಲು ಕೂರುತ್ತಾನೆ. ಪಿ.ಜಿ. ತಿಂಡಿ 7.30ಕ್ಕೆ ಮುಂಚೆ ಬರುವುದಿಲ್ಲ ಎಂದಾದರೆ 6ಕ್ಕೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. 7.30ಕ್ಕೆ ಮೂರು ಇಡ್ಲಿ ಸಾಂಬಾರ್, ಹಿಂದಿನ ರಾತ್ರಿ ಬೇಯಿಸಿಟ್ಟ ಎರಡು ಮೊಟ್ಟೆ. ಸಿಪ್ಪೆ ಸುಲಿಯದೆ ಫ್ರಿಡ್ಜಿನಲ್ಲಿಟ್ಟರೆ ಅವು ಕೆಡುವುದಿಲ್ಲ. ಫ್ರಿಡ್ಜ್ ಇಲ್ಲವಾದರೆ ಬೆಳಿಗ್ಗೆಯೇ ಬೇಯಿಸಿಕೊಳ್ಳಬೇಕು. 8.30ಕ್ಕೆ, ಪರೀಕ್ಷೆಗೆ ಒಂದು ಗಂಟೆ ಇರುವಾಗ, ಒಂದು ಕಾಫಿ. ಕೆಫೀನ್ ರಕ್ತದಲ್ಲಿ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ಅದು ಕೆಲಸ ಮಾಡುತ್ತಿರುತ್ತದೆ.

1 ಗಂಟೆಗೆ ಊಟ. ಮಧ್ಯಾಹ್ನದ ತೂಕಡಿಕೆ ದೇಹದ ಗಡಿಯಾರದಲ್ಲೇ ಇದೆ. ಊಟ ಮಾಡದಿದ್ದರೂ ಅದು ಬರುತ್ತದೆ, ಭಾರಿ ಊಟ ಅದನ್ನು ಆಳವಾಗಿಸುತ್ತದೆ. ಆದ್ದರಿಂದ ಅನ್ನ ಎಂದಿನ ಅರ್ಧದಷ್ಟು, ಪಲ್ಯ ಹುಳಿ ಎಂದಿನ ಎರಡರಷ್ಟು, ಕೊನೆಗೆ ಬಟ್ಟಲು ಮೊಸರು. ಅಡುಗೆಯವರಿಗೆ ‘ಅಣ್ಣಾ, ಅನ್ನ ಸ್ವಲ್ಪ, ಹುಳಿಯಲ್ಲಿ ಬೇಳೆ ತಳದಿಂದ ಹಾಕಿ’ ಎಂದರೆ ಅವರಿಗೂ ನಷ್ಟವಿಲ್ಲ. ರಾಗಿ ಮುದ್ದೆ ಮಾಡುವ ಪಿ.ಜಿ.ಯಾದರೆ ಒಂದು ಸಣ್ಣ ಮುದ್ದೆ ಬಸ್ಸಾರಿನ ಜೊತೆ ಇನ್ನೂ ಒಳ್ಳೆಯದು. ಬಿಳಿ ಅನ್ನದಲ್ಲಿ ಇಲ್ಲದ ನಾರು ಅದರಲ್ಲಿದೆ. ಆಮೇಲೆ ಅಲಾರಂ ಇಟ್ಟು 20 ನಿಮಿಷ ಮಲಗಿದರೆ ಸಾಕು. ಒಂದು ಗಂಟೆ ಮಲಗಿದರೆ ಎದ್ದಾಗ ತಲೆ ಮಂಕಾಗಿರುತ್ತದೆ.

ಮಧ್ಯಾಹ್ನ 2ಕ್ಕೆ ಪರೀಕ್ಷೆ ಇರುವ ದಿನ ಇದೇ ಕ್ರಮವನ್ನು ಸರಿಸಿಕೊಳ್ಳಬೇಕು. ಊಟ 12ಕ್ಕೇ ಮುಗಿಯಲಿ, ಅನ್ನ ಇನ್ನೂ ಕಡಿಮೆ ಇರಲಿ, ಕಾಫಿ 1 ಗಂಟೆಗೆ ಇರಲಿ.

ಜಿಮ್ಮಿಗೆ ಎಷ್ಟು ಕೊಡಬೇಕು

ಪರೀಕ್ಷೆಯ ಮೂರು ವಾರ ಮೈ ಕಟ್ಟುವ ಕಾಲವಲ್ಲ, ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಾಲ. ಹರೆಯದವರಲ್ಲಿ ಸ್ನಾಯು ಉಳಿಸಿಕೊಳ್ಳಲು ಕಟ್ಟುವಾಗಿನ ಮೂರನೇ ಒಂದು ಪಾಲು ವ್ಯಾಯಾಮವೇ ಸಾಕಾಗುತ್ತದೆ, ಎತ್ತುವ ತೂಕವನ್ನು ಇಳಿಸಬಾರದು ಅಷ್ಟೆ. ವಾರಕ್ಕೆ ಆರು ದಿನ ಹೋಗುತ್ತಿದ್ದವನು ಎರಡು ದಿನ ಹೋಗಿ, ಸ್ಕ್ವಾಟ್, ಬೆಂಚ್, ರೋ ಇವುಗಳ ಎರಡೆರಡು ಸೆಟ್ ಎಂದಿನ ತೂಕದಲ್ಲೇ ಮಾಡಿ 40 ನಿಮಿಷಕ್ಕೆ ಮನೆಗೆ ಬರಬಹುದು. ಪರೀಕ್ಷೆಯ ಹಿಂದಿನ ದಿನ ಲೆಗ್ ಡೇ ಬೇಡ. ನೋವು ಒಂದೆರಡು ದಿನ ಬಿಟ್ಟು ಏರುತ್ತದೆ, ಮೂರು ಗಂಟೆ ಬೆಂಚಿನ ಮೇಲೆ ಕೂರುವುದೇ ಹಿಂಸೆಯಾಗುತ್ತದೆ.

ಹೊತ್ತು ಸಂಜೆ 5.30ರಿಂದ 6.30ರೊಳಗೆ ಇದ್ದರೆ ಒಳ್ಳೆಯದು. 4.30ಕ್ಕೆ ಬಾಳೆಹಣ್ಣು, ಅರ್ಧ ಹಿಡಿ ಕಡಲೆಕಾಯಿ ಬೀಜ. ಮುಗಿಸಿ ಬಂದು 7.30, 8ರ ಒಳಗೆ ರಾತ್ರಿಯ ಊಟ, ಉಳಿದರ್ಧ ಬೀಜವೂ ಅದರೊಟ್ಟಿಗೆ. ಜಿಮ್ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂದು ಟ್ರೇನರ್‌ಗಳು ಹೆದರಿಸುವುದುಂಟು. ಇಡೀ ದಿನದ ಮೊತ್ತ ಸರಿಯಿದ್ದರೆ ಒಂದೆರಡು ಗಂಟೆ ಆಚೀಚೆಯಾದರೂ ನಷ್ಟವಿಲ್ಲ. ರಾತ್ರಿ 9.30ಕ್ಕೆ ಜಿಮ್ಮಿಗೆ ಹೋಗುವುದರಲ್ಲಿ ಮಾತ್ರ ನಷ್ಟವಿದೆ. ಏರಿದ ಎದೆಬಡಿತ, ಮೈಬಿಸಿ ಇಳಿಯುವುದರೊಳಗೆ ನಿದ್ದೆಯ ಹೊತ್ತು ಕಳೆದಿರುತ್ತದೆ. ಓದಿದ್ದು ಮನಸ್ಸಿನಲ್ಲಿ ನೆಲೆಯಾಗುವುದೂ ಸ್ನಾಯು ದುರಸ್ತಿಯಾಗುವುದೂ ಆ ನಿದ್ದೆಯಲ್ಲೇ.

ಕಾಫಿ, ಟೀ ಲೆಕ್ಕ

ಎನ್‌ಐಎನ್ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಕೆಫೀನ್ 300 ಮಿ.ಗ್ರಾಂ ದಾಟಬಾರದು. 150 ಮಿ.ಲೀ.ಯ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿ.ಗ್ರಾಂ ಇರುತ್ತದೆ. ದರ್ಶಿನಿಯ ಬೈಟು ಕಾಫಿ ದಿನಕ್ಕೆ ಮೂರು ಕುಡಿದರೂ ಮಿತಿಯೊಳಗೇ ಇರುತ್ತೀರಿ. ತೊಂದರೆ ಬರುವುದು ಜಿಮ್ಮಿನಲ್ಲಿ ಮಾರುವ ಪ್ರೀ-ವರ್ಕೌಟ್ ಪುಡಿಯಿಂದ. ಅದರ ಒಂದೇ ಚಮಚದಲ್ಲಿ 200 ಮಿ.ಗ್ರಾಂ ಇರುವುದು ಸಾಮಾನ್ಯ. ಡಬ್ಬಿಯ ಹಿಂಬದಿ ಓದಿ.

ಕುಡಿದ ಕೆಫೀನಿನ ಅರ್ಧ ಸುಮಾರು ಐದು ಗಂಟೆಯಾದರೂ ದೇಹದಲ್ಲೇ ಉಳಿದಿರುತ್ತದೆ. ರಾತ್ರಿ 10.30ಕ್ಕೆ ಮಲಗುವವನ ಕೊನೆಯ ಕಾಫಿ 3.30ಕ್ಕೆ ಮುಗಿದಿರಲಿ. ಊಟದ ಹಿಂದುಮುಂದಿನ ಒಂದು ಗಂಟೆಯೂ ಟೀ, ಕಾಫಿ ಬೇಡ, ಅನ್ನ ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹ ಸೇರುವುದನ್ನು ಅವು ತಡೆಯುತ್ತವೆ. ರಕ್ತಹೀನತೆ ಸಾಮಾನ್ಯವಾಗಿರುವ ಹೆಣ್ಣುಮಕ್ಕಳು ಇದನ್ನು ಬಿಗಿಯಾಗಿ ಪಾಲಿಸಬೇಕು, ಊಟಕ್ಕೆ ಅರ್ಧ ನಿಂಬೆ ಹಿಂಡಿಕೊಳ್ಳಬೇಕು.

ಎಡವಟ್ಟಾದರೆ ತಿಳಿಯುವುದು ಹೇಗೆ

11 ಗಂಟೆಗೇ ಹಸಿವಾಗಿ ಗಮನ ಚದುರಿದರೆ ತಿಂಡಿಯಲ್ಲಿ ಪ್ರೋಟೀನ್ ಸಾಲದು. 2.30ಕ್ಕೆ ಕಣ್ಣು ತಾನಾಗಿ ಮುಚ್ಚಿದರೆ ಅನ್ನ ಹೆಚ್ಚಾಯಿತು, ಇಲ್ಲವೇ ರಾತ್ರಿ ನಿದ್ದೆ ಕಡಿಮೆಯಾಯಿತು. ಮಧ್ಯಾಹ್ನದ ತಲೆನೋವಿನ ಜೊತೆ ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು. ಎರಡು ವಾರಗಳಲ್ಲಿ ಎತ್ತುವ ತೂಕ ಇಳಿದು ದೇಹತೂಕವೂ ಇಳಿದರೆ ಒಟ್ಟು ಊಟವೇ ಕಡಿಮೆಯಾಗಿದೆ. ಆಗ ಅರ್ಧ ಮಾಡಿದ್ದ ಅನ್ನವನ್ನು ರಾತ್ರಿಗೆ ಸೇರಿಸಿಕೊಳ್ಳಿ.

ಹೊಟ್ಟೆ ಕೆಡುವುದು ಪರೀಕ್ಷೆಯ ವಾರದ ದೊಡ್ಡ ಅಪಾಯ. ರಾತ್ರಿಯಿಡೀ ಹೊರಗೇ ಇದ್ದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ, ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗುವುದಿಲ್ಲ. ತಂಗಳನ್ನದ್ದೆಂದು ಅನುಮಾನ ಬಂದರೆ ಆ ದಿನ ದರ್ಶಿನಿಯ ಬಿಸಿ ಇಡ್ಲಿಯೇ ಮೇಲು. ಹಸಿ ಮೊಳಕೆಕಾಳನ್ನೂ ಬೇಯಿಸಿಯೇ ತಿನ್ನಿ.

ಇದು ಆರೋಗ್ಯವಂತ ಹುಡುಗನ ಲೆಕ್ಕ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು, ಊಟದ ಹೆಸರೆತ್ತಿದರೇ ಆತಂಕವಾಗುವವರು ವೈದ್ಯರನ್ನೋ ಡಯಟಿಷಿಯನ್‌ರನ್ನೋ ಕೇಳಬೇಕು. ಉಳಿದವರು ಈ ಕ್ರಮವನ್ನು ಪರೀಕ್ಷೆಗೆ ಎರಡು ವಾರ ಮುಂಚೆಯೇ ಶುರುಮಾಡಿ. ಮೊದಲ ಪತ್ರಿಕೆಯ ಬೆಳಿಗ್ಗೆ ಹೊಟ್ಟೆಗೆ ಹೊಸದೇನೂ ಇರಬಾರದು.