ಪಾಲಕ್ ಸೊಪ್ಪಿನ ದಶಾಂಶ ಬಿಂದು

ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ತುಂಬಿ ತುಳುಕುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಲೆಕ್ಕದ ತಪ್ಪಿನಿಂದಂತೆ. ಯಾರೋ ಹಳೆಯ ವಿಜ್ಞಾನಿಗಳು ದಶಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟರು, ಅಂಕಿ ಹತ್ತುಪಟ್ಟಾಯಿತು. ಕಥೆ ಸೊಗಸಾಗಿದೆ. ಅದು ನಿಜವೇ ಎಂದು ನೋಡಹೊರಟವರಿಗೆ ಸಿಕ್ಕಿದ್ದು ಬೇರೆಯೇ.

1981ರಲ್ಲಿ ಬ್ರಿಟನ್ನಿನ ರಕ್ತರೋಗ ತಜ್ಞ ಟೆರೆನ್ಸ್ ಹ್ಯಾಂಬ್ಲಿನ್ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಈ ಕಥೆ ಬರೆದರು. 1930ರ ದಶಕದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರು ತಪ್ಪನ್ನು ಪತ್ತೆಹಚ್ಚಿದರು ಎಂದರು, ಆದರೆ ಅದು ಎಲ್ಲಿ ಪ್ರಕಟವಾಗಿದೆ ಎಂದು ಹೇಳಲಿಲ್ಲ. 1995ರಲ್ಲಿ ಲಾರ್ಸನ್ ಎಂಬ ಲೇಖಕರು ಅದನ್ನೇ ಎತ್ತಿಕೊಂಡು, ಆಧಾರವಾಗಿ ಹ್ಯಾಂಬ್ಲಿನ್ ಹೆಸರು ಕೊಟ್ಟರು. ತಮಾಷೆಯೆಂದರೆ ಅವರ ಬರಹದ ವಿಷಯವೇ ಅಜಾಗರೂಕ ಉಲ್ಲೇಖಗಳಿಂದ ಸುಳ್ಳು ಹರಡುವ ಬಗೆ. 2010ರಲ್ಲಿ ಮೈಕ್ ಸಟನ್ ಹುಡುಕಿದಾಗ ಬಿಂದು ತಪ್ಪಿದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಈ ಸರಪಳಿಯನ್ನು ಕೊಂಡಿಕೊಂಡಿಯಾಗಿ ಬಿಡಿಸಿಟ್ಟವರು ನಾರ್ವೆಯ ಒಲೆ ಬ್ಯೋರ್ನ್ ರೆಕ್ದಾಲ್, 2014ರಲ್ಲಿ.

ಈಗ ಲಾರ್ಸನ್ ಬರಹವನ್ನು ಮಾತ್ರ ಓದಿದವನೊಬ್ಬ ತನ್ನ ಪ್ರಬಂಧದಲ್ಲಿ 'ಹ್ಯಾಂಬ್ಲಿನ್, 1981' ಎಂದು ಅಡಿಟಿಪ್ಪಣಿ ಹಾಕುತ್ತಾನೆ ಅನ್ನಿ. ನಡುವಿನ ಲಾರ್ಸನ್ ಮಾಯ. ಓದುಗನಿಗೆ ಇಬ್ಬರು ಬೇರೆಬೇರೆಯಾಗಿ ಹ್ಯಾಂಬ್ಲಿನ್ ಓದಿ ಒಪ್ಪಿದಂತೆ ಕಾಣುತ್ತದೆ, ನಿಜಕ್ಕೆ ಓದಿದ್ದು ಹೆಚ್ಚೆಂದರೆ ಒಬ್ಬನೇ. ಅವನೂ ಹ್ಯಾಂಬ್ಲಿನ್ ಪುಟ ತೆರೆದಿದ್ದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು, ಆ ಮಾತಿಗೆ ಕೆಳಗೆ ಆಧಾರವೇ ಇಲ್ಲವೆಂದು. ಪರೀಕ್ಷಿಸಲು ಇದ್ದ ಅವಕಾಶವನ್ನೇ ಈ ಟಿಪ್ಪಣಿ ಮುಚ್ಚಿಬಿಡುತ್ತದೆ. ಕದ್ದದ್ದಕ್ಕಿಂತ ಇದು ದೊಡ್ಡ ತೊಂದರೆ ಎಂದೇ ನನಗನ್ನಿಸುತ್ತದೆ.

ಇಂಥದ್ದನ್ನು ಹಿಡಿಯುವುದು ಕಷ್ಟವಲ್ಲ. ಎರವಲು ಟಿಪ್ಪಣಿ ಅದರ ತಪ್ಪುಗಳನ್ನೂ ಹೊತ್ತು ತರುತ್ತದೆ: ಒಬ್ಬರು ಪುಟಸಂಖ್ಯೆ ತಪ್ಪಾಗಿ ಬರೆದರೆ, ಮುಂದಿನವರಲ್ಲೂ ಅದೇ ತಪ್ಪು ಪುಟ, ಹೆಸರಿನ ಅದೇ ತಪ್ಪು ಕಾಗುಣಿತ. ದೊಡ್ಡ ಗ್ರಂಥದಿಂದ ಎಲ್ಲರೂ ಅದೇ ಅರ್ಧ ವಾಕ್ಯವನ್ನೇ ಎತ್ತಿದ್ದರೂ ಅನುಮಾನಿಸಬೇಕು.

ಮೂಲ ಸಿಗದಿದ್ದರೆ ದಾರಿ ಇದೆ. 'ಹ್ಯಾಂಬ್ಲಿನ್, 1981, ಲಾರ್ಸನ್, 1995ರಲ್ಲಿ ಉಲ್ಲೇಖಿತ' ಎಂದು ಬರೆದು, ಗ್ರಂಥಋಣದಲ್ಲಿ ಲಾರ್ಸನ್‌ನನ್ನು ಮಾತ್ರ ಸೇರಿಸುವುದು. ಬಹಳ ಮಂದಿ ಇದಕ್ಕೆ ಹಿಂಜರಿಯುತ್ತಾರೆ, ತಮ್ಮ ಓದು ಕಡಿಮೆ ಎಂದು ಕಾಣುತ್ತದಲ್ಲ ಎಂದು.

ಇನ್ನು ಕೆಲವೆಡೆ ಬೇರೆ ದಾರಿಯೇ ಇಲ್ಲ. ಮೆಗಸ್ತನೀಸನ 'ಇಂಡಿಕಾ' ಕಳೆದುಹೋಗಿದೆ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಆತ ಕಂಡದ್ದು ನಮಗೆ ತಿಳಿಯುವುದು ಸ್ಟ್ರಾಬೋ, ಅರಿಯನ್, ಡಿಯೊಡೊರಸ್‌ರಂಥ ಗ್ರೀಕ್ ಲೇಖಕರು ಉಳಿಸಿದ ತುಣುಕುಗಳಿಂದ. ಸ್ಟ್ರಾಬೋಗಂತೂ ಆತನ ಮೇಲೆ ನಂಬಿಕೆ ಕಡಿಮೆ. ಹೀಗಿರುವಾಗ 'ಮೆಗಸ್ತನೀಸ್ ಹೇಳುತ್ತಾನೆ' ಎಂದು ಬರೆಯುವವನು ಯಾರ ಬಾಯಿಂದ ಕೇಳಿದ್ದು ಎಂಬುದನ್ನೂ ಜೊತೆಗೇ ಬರೆಯಬೇಕಾಗುತ್ತದೆ.