ಅಂಗಡಿ ಬಾಗಿಲು ಹಾಕಿಸಿದ ಕಾನೂನು

ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಹರಾಜಿನ ದಿನ ಬೆಳಗಾಗುವುದು ಬೇಗ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಉಂಡೆ ಕೊಬ್ಬರಿಯ ಚೀಲಗಳು ಬಂದು ಮಂಡಿಗಳ ಮುಂದೆ ಇಳಿಯುತ್ತವೆ. ಹತ್ತು ಹನ್ನೊಂದು ತಿಂಗಳು ರೈತನ ಮನೆಯ ಅಟ್ಟದ ಮೇಲೆ ಸದ್ದಿಲ್ಲದೆ ಒಣಗಿದ ಕಾಯಿಗೆ ಇಲ್ಲಿ ಬಂದ ಮೇಲೆ ಒಂದೇ ದಿನದ ಅವಸರ. ಮಾದರಿ ನೋಡಬೇಕು, ಟೆಂಡರಿನಲ್ಲಿ ದರ ನಿಲ್ಲಬೇಕು, ತೂಕವಾಗಬೇಕು, ಪಟ್ಟಿ ಬರೆಯಬೇಕು, ರೈತನಿಗೆ ದುಡ್ಡು ಎಣಿಸಬೇಕು, ಆಮೇಲೆ ರವಾನೆದಾರರ ಲಾರಿ ತುಂಬಬೇಕು. ಇಷ್ಟರಲ್ಲಿ ಕತ್ತಲಾಗಿರುತ್ತದೆ. ಅಷ್ಟು ಹೊತ್ತೂ ಮಂಡಿಯಲ್ಲಿ ಕೂತು ಲೆಕ್ಕ ಬರೆಯುವವನು ಗುಮಾಸ್ತ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹುಟ್ಟಿದ್ದು ಮುಖ್ಯವಾಗಿ ಇಂಥವನಿಗಾಗಿ.

ಕಾರ್ಖಾನೆಯ ಕೂಲಿಕಾರನಿಗೆ ಕಾನೂನು ಬಂದು ಬಹಳ ವರ್ಷಗಳಾದ ಮೇಲೂ ಅಂಗಡಿಯವನಿಗೆ ಬಂದಿರಲಿಲ್ಲ. ಕಾರ್ಖಾನೆಗೆ ಸೈರನ್ ಇದೆ, ಪಾಳಿ ಇದೆ, ಗೇಟು ಇದೆ. ಅಂಗಡಿಗೆ ಇವೇನೂ ಇಲ್ಲ. ಗಿರಾಕಿ ಬರುವವರೆಗೂ ತೆರೆದಿರುವುದೇ ಅದರ ಧರ್ಮ. ಇಂಗ್ಲೆಂಡಿನಲ್ಲಿ 1886ರ ಕಾಯ್ದೆ ಅಂಗಡಿಯ ಎಳೆಯ ಕೆಲಸಗಾರರಿಗೆ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತು. ಆ ಕಾಲಕ್ಕೆ ಅದೇ ದೊಡ್ಡ ಉಪಕಾರ. ನಮ್ಮ ದೇಶದಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಮುಂಬಯಿ ಪ್ರಾಂತ, 1939ರಲ್ಲಿ. ಮೂರು ವರ್ಷದ ನಂತರ, 1942ರಲ್ಲಿ, ಕೇಂದ್ರದ ವಾರದ ರಜೆ ಕಾಯ್ದೆ ಬಂತು. ಅಂಗಡಿ ವಾರಕ್ಕೊಂದು ದಿನ ಮುಚ್ಚಬೇಕು, ಆ ದಿನ ಮುಚ್ಚಿದ್ದಕ್ಕೆ ಸಂಬಳ ಹಿಡಿಯಬಾರದು ಎಂಬುದು ಅದರ ಸಾರ. ಪ್ರಾಂತ ಸರ್ಕಾರಗಳು ಬೇಕೆಂದ ಕಡೆ ಮಾತ್ರ ಅದು ಜಾರಿ.

ತಿಪಟೂರು ಆಗ ಮೈಸೂರು ಸಂಸ್ಥಾನದ ಊರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮೈಸೂರು ತನ್ನದೇ ಅಂಗಡಿ ಕಾಯ್ದೆ ಮಾಡಿಕೊಂಡಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಒಂದು ವಿಚಿತ್ರ ಎದುರಾಯಿತು. ರಾಜ್ಯ ಒಂದು, ಅಂಗಡಿ ಕಾನೂನು ನಾಲ್ಕು. ಹುಬ್ಬಳ್ಳಿಯ ಗುಮಾಸ್ತನಿಗೆ ಮುಂಬಯಿ ಕಾಯ್ದೆ, ಮಂಗಳೂರಿನವನಿಗೆ 1947ರ ಮದ್ರಾಸ್ ಕಾಯ್ದೆ, ಗುಲ್ಬರ್ಗದವನಿಗೆ 1951ರ ಹೈದರಾಬಾದ್ ಕಾಯ್ದೆ, ತಿಪಟೂರಿನವನಿಗೆ ಮೈಸೂರಿನದು. ಇವೆಲ್ಲವನ್ನೂ ತೆಗೆದುಹಾಕಿ ಒಂದೇ ಮಾಡಿದ್ದು 1961ರ ಕಾಯ್ದೆ. ನಿಯಮಗಳು 1963ರಲ್ಲಿ ಬಂದವು, ಜಾರಿಯಾದದ್ದು 1964ರಲ್ಲಿ. ಅದೂ ಎಲ್ಲ ಕಡೆ ಒಟ್ಟಿಗೆ ಅಲ್ಲ; ಮೊದಲು ಅನುಸೂಚಿಯಲ್ಲಿ ಹೆಸರಿದ್ದ ಊರುಗಳಿಗೆ, ಆಮೇಲೆ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಿಗೆ.

ಈ ಕಾಯ್ದೆಯನ್ನು ಓದುವವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಗುಮಾಸ್ತನಿಗೆ ರಜೆ ಕೊಡಿಸುವುದೇ ಉದ್ದೇಶವಾದರೆ ಅಂಗಡಿಯನ್ನೇ ಯಾಕೆ ಮುಚ್ಚಿಸಬೇಕು? ಒಬ್ಬನಿಗೆ ಸೋಮವಾರ, ಇನ್ನೊಬ್ಬನಿಗೆ ಮಂಗಳವಾರ ಬಿಡುವು ಕೊಟ್ಟು ಬಾಗಿಲು ತೆರೆದಿಟ್ಟರೆ ಏನು ತಪ್ಪು? ಉತ್ತರ ಸಿಗಬೇಕಾದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕನ ಜಾಗದಲ್ಲಿ ನಿಂತು ನೋಡಬೇಕು. ಪೇಟೆಯ ಅಷ್ಟೂ ಅಂಗಡಿಗೆ ಒಬ್ಬನೇ ಮನುಷ್ಯ. ಯಾವ ಅಂಗಡಿಯಲ್ಲಿ ಯಾರು ಎಷ್ಟು ಹೊತ್ತು ದುಡಿದರು ಎಂದು ಅವನು ಕಂಡುಹಿಡಿಯಲಾರ. ಪುಸ್ತಕ ಕೇಳಿದರೆ ಪುಸ್ತಕ ಸರಿಯಾಗಿಯೇ ಇರುತ್ತದೆ. ಬಾಗಿಲು ಹಾಕಿದೆಯೋ ಇಲ್ಲವೋ ಎಂಬುದು ಮಾತ್ರ ಬೀದಿಯಲ್ಲಿ ನಡೆದು ಹೋದರೂ ಕಾಣುತ್ತದೆ. ಆದ್ದರಿಂದಲೇ ಕಾಯ್ದೆಯ 11ನೇ ಸೆಕ್ಷನ್ ತೆರೆಯುವ, ಮುಚ್ಚುವ ಹೊತ್ತನ್ನು ಗೊತ್ತು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು, 12ನೇ ಸೆಕ್ಷನ್ ವಾರಕ್ಕೊಂದು ದಿನ ಪೂರ್ತಿ ಮುಚ್ಚಿಸಿತು. ಮುಚ್ಚುವ ಹೊತ್ತಿಗೆ ಒಳಗೆ ಗಿರಾಕಿ ನಿಂತಿದ್ದರೆ ಇನ್ನೊಂದು ಕಾಲು ಗಂಟೆ ವ್ಯಾಪಾರ ಮುಗಿಸಿಕೊಳ್ಳಬಹುದು. ಬಾಗಿಲು ಹಾಕಿ ಹೊರಗೆ ಜಗುಲಿಯ ಮೇಲೆ ಮಾರುತ್ತೇನೆ ಎಂದರೆ ಅದಕ್ಕೂ 13ನೇ ಸೆಕ್ಷನ್ ಅಡ್ಡ ನಿಂತಿದೆ. ಬರೆದವರಿಗೆ ನಮ್ಮ ವ್ಯಾಪಾರಿಗಳ ಪರಿಚಯ ಚೆನ್ನಾಗಿಯೇ ಇತ್ತು.

ಮುಚ್ಚುವ ದಿನ ಯಾವುದು ಎಂಬುದನ್ನು ಕಾಯ್ದೆ ಮಾಲೀಕನಿಗೇ ಬಿಟ್ಟಿದೆ. ವರ್ಷದ ಆರಂಭದಲ್ಲಿ ಒಂದು ದಿನ ಆರಿಸಿ, ನಿರೀಕ್ಷಕರಿಗೆ ತಿಳಿಸಿ, ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು. ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಬದಲಾಯಿಸುವಂತಿಲ್ಲ. ಕೊಬ್ಬರಿ ಪೇಟೆಗೆ ಇದು ಒಗ್ಗುತ್ತದೆ. ಹರಾಜು ವಾರಕ್ಕೆರಡು ದಿನ, ಅವೆರಡನ್ನೂ ಬಿಟ್ಟು ಉಳಿದ ಐದರಲ್ಲಿ ಒಂದನ್ನು ಹಿಡಿದರಾಯಿತು.

ಒಂದು ಮಂಡಿಯ ಲೆಕ್ಕ ಹಾಕಿ ನೋಡೋಣ. ಮಂಡಿ ಕಲ್ಪನೆಯದು, ಲೆಕ್ಕ ಕಾಯ್ದೆಯದು. ಮಾಲೀಕರು, ಅವರ ಮಗ, ಒಬ್ಬ ಗುಮಾಸ್ತ, ಗೋದಾಮಿನಲ್ಲಿ ಇಬ್ಬರು ಆಳುಗಳು. ಗೋದಾಮು ಬೇರೆ ಬೀದಿಯಲ್ಲಿದ್ದರೂ ಅದು ಅಂಗಡಿಯ ಭಾಗವೇ. ಶುರು ಮಾಡಿದ 30 ದಿನದೊಳಗೆ ನೋಂದಣಿ ಆಗಬೇಕು. ಶುಲ್ಕ ಕೆಲಸಗಾರರ ಸಂಖ್ಯೆಯ ಮೇಲೆ, ಐದು ವರ್ಷಕ್ಕೊಮ್ಮೆ ನವೀಕರಣ. ಹಿಂದೆ ಕಚೇರಿಗೆ ಫಾರಂ ಹಿಡಿದುಕೊಂಡು ಹೋಗಬೇಕಿತ್ತು, ಈಗ ಕಾರ್ಮಿಕ ಇಲಾಖೆಯ ಜಾಲತಾಣದಲ್ಲೇ ಮುಗಿಯುತ್ತದೆ. ನಗರಸಭೆಯ ಟ್ರೇಡ್ ಲೈಸೆನ್ಸ್ ಇದೆಯಲ್ಲ, ಎಪಿಎಂಸಿಯ ಲೈಸೆನ್ಸ್ ಇದೆಯಲ್ಲ, ಇನ್ನೇಕೆ ಎಂದು ಕೇಳುವವರಿದ್ದಾರೆ. ಅವೆರಡೂ ವ್ಯಾಪಾರಕ್ಕೆ ಕೊಟ್ಟ ಅನುಮತಿ. ಅಲ್ಲಿ ಯಾರು ಕೆಲಸಕ್ಕಿದ್ದಾರೆ ಎಂಬುದು ಈ ಮೂರನೆಯದರಲ್ಲಿ ಮಾತ್ರ ದಾಖಲಾಗುತ್ತದೆ.

ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಮಿತಿ. ಬಹಳ ಮಾಲೀಕರು ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಾರೆ. ಆರು ದಿನವೂ ಒಂಬತ್ತೊಂಬತ್ತು ಗಂಟೆ ದುಡಿಸಿದರೆ 54 ಆಗುತ್ತದೆ. ನಮ್ಮ ಗುಮಾಸ್ತ ಸಾಮಾನ್ಯ ದಿನಗಳಲ್ಲಿ 8 ಗಂಟೆ, ಎರಡು ಹರಾಜಿನ ದಿನ 10 ಗಂಟೆ ದುಡಿಯುತ್ತಾನೆ ಎನ್ನಿ. ನಾಲ್ಕು ದಿನದ 32, ಎರಡು ದಿನದ 20, ಒಟ್ಟು 52. ಅಂದರೆ ವಾರಕ್ಕೆ ನಾಲ್ಕು ಗಂಟೆ ಓವರ್‌ಟೈಮ್, ಅದಕ್ಕೆ ದುಪ್ಪಟ್ಟು ಕೂಲಿ. ಕೊಟ್ಟರೆ ಮುಗಿಯಿತೇ? ಇಲ್ಲ. ಓವರ್‌ಟೈಮ್ ಯಾವುದೇ ಮೂರು ತಿಂಗಳಲ್ಲಿ 50 ಗಂಟೆ ದಾಟುವಂತಿಲ್ಲ. ಮೂರು ತಿಂಗಳೆಂದರೆ ಹದಿಮೂರು ವಾರ, ನಾಲ್ಕರಂತೆ 52. ಎರಡು ಗಂಟೆ ಹೆಚ್ಚು! ದುಡ್ಡು ಪೂರ್ತಿ ಕೊಟ್ಟ ಮಾಲೀಕರೂ ಇಲ್ಲಿ ತಪ್ಪಿತಸ್ಥರೇ. ದಾರಿ ಸುಲಭವಿದೆ: ಹರಾಜಿನ ಮರುದಿನ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರಲು ಹೇಳಿದರೆ ಸಾಕು.

ಹರಾಜಿನ ದಿನ ಇನ್ನೂ ಒಂದು ಎಡವಟ್ಟು ಕಾದಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಬಂದವನನ್ನು ಮಧ್ಯಾಹ್ನ ಮೂರು ಗಂಟೆ ಹೊತ್ತು ಮನೆಗೆ ಕಳಿಸಿ, ಲಾರಿ ತುಂಬುವಾಗ ಮತ್ತೆ ಕರೆಸಿ, ರಾತ್ರಿ ಒಂಬತ್ತಕ್ಕೆ ಬಿಟ್ಟರೆ ದುಡಿದದ್ದು ಹತ್ತೇ ಗಂಟೆ. ಆದರೆ ಬಂದಾಗಿನಿಂದ ಹೋಗುವವರೆಗೆ, ಬಿಡುವೂ ಸೇರಿ, 12 ಗಂಟೆ ಮೀರಬಾರದು, ಇಲ್ಲಿ ಹದಿಮೂರಾಯಿತು. ಎಡೆಬಿಡದೆ ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು ಕಡ್ಡಾಯ ಎಂಬುದೂ ಸೇರಿದರೆ, ಎಂಟಕ್ಕೆ ಬಂದ ಗುಮಾಸ್ತನಿಗೆ ಒಂದಕ್ಕೆ ಊಟ, ರಾತ್ರಿ ಏಳಕ್ಕೆ ಮನೆ. ಆ ಮೇಲೆ ಬರುವ ಲಾರಿಯ ಲೆಕ್ಕ ಮಾಲೀಕರ ಮಗನದು. ಮನೆಯವರನ್ನು ಕಾಯ್ದೆ ಕೆಲಸಗಾರರೆಂದು ಎಣಿಸುವುದೇ ಇಲ್ಲ.

ರಜೆಯ ಲೆಕ್ಕ ಇಷ್ಟು ಬಿಗಿಯಲ್ಲ. ವಾರದ ರಜೆಯ ಹೊರತಾಗಿ, 1963ರ ಇನ್ನೊಂದು ಕಾಯ್ದೆಯಂತೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿವೆ: ಗಣರಾಜ್ಯೋತ್ಸವ, ಮೇ 1, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ. ಜೊತೆಗೆ ಐದು ಹಬ್ಬ. ಇದರಲ್ಲಿ ಯುಗಾದಿ, ದೀಪಾವಳಿ ಯಾರೂ ಬಿಡುವುದಿಲ್ಲ. ತಿಪಟೂರಿನಲ್ಲಾದರೆ ಗಣಪತಿ ಹಬ್ಬವನ್ನು ಬಿಡುವ ಧೈರ್ಯ ಯಾರಿಗಿದೆ? ಕಾಯಿಲೆಗೋ ಬೇರೆ ತುರ್ತಿಗೋ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ಇದಲ್ಲದೆ ವರ್ಷದಲ್ಲಿ 240 ದಿನ ದುಡಿದವನಿಗೆ ದುಡಿದ ಪ್ರತಿ 20 ದಿನಕ್ಕೊಂದು ಗಳಿಕೆ ರಜೆ. ಎಲ್ಲ ಕಳೆದು 290 ದಿನ ದುಡಿದ ಗುಮಾಸ್ತನಿಗೆ ಹದಿನಾಲ್ಕೂವರೆ ದಿನದ ಲೆಕ್ಕ ಬರುತ್ತದೆ.

ಇಷ್ಟೆಲ್ಲ ಇದ್ದರೂ ಪೇಟೆಯಲ್ಲಿ ಅತಿ ಹೆಚ್ಚು ಬೆವರು ಸುರಿಸುವವನು ಈ ಲೆಕ್ಕದೊಳಗೆ ಬರುವುದು ಕಷ್ಟ. ಹಮಾಲಿಗೆ ಲೈಸೆನ್ಸ್ ಕೊಡುವುದು ಮಾರುಕಟ್ಟೆ ಸಮಿತಿ; ಕೂಲಿ ಚೀಲದ ಲೆಕ್ಕದಲ್ಲಿ; ಒಂದೇ ದಿನ ನಾಲ್ಕಾರು ಮಂಡಿಗೆ ಹೊರುತ್ತಾನೆ. ಅವನ ಮಾಲೀಕ ಯಾರು? ತುಂಡುಗೂಲಿಯವರನ್ನೂ ಕಾಯ್ದೆ ಕೆಲಸಗಾರರೆಂದೇ ಒಪ್ಪುತ್ತದೆ, ಆದರೆ ಪೂರ್ತಿಯಾಗಿಯೋ ಮುಖ್ಯವಾಗಿಯೋ ಒಂದು ಸಂಸ್ಥೆಯಲ್ಲಿ ದುಡಿಯುತ್ತಿರಬೇಕು. ಒಬ್ಬ ವರ್ತಕರ ಗೋದಾಮಿನಲ್ಲಿ ದಿನವೂ ಕೊಬ್ಬರಿ ವಿಂಗಡಿಸುವ ಹೆಂಗಸರು ಈ ಮಾತಿನೊಳಗೆ ಬರುತ್ತಾರೆ, ಹೆಸರು ಪುಸ್ತಕದಲ್ಲಿ ಇರಲಿ ಬಿಡಲಿ. ಪಕ್ಕದ ಕೊಬ್ಬರಿ ಪುಡಿಯ ಕಾರ್ಖಾನೆಯಲ್ಲಿರುವವರಿಗೆ ಬೇರೆಯದೇ ಕಾನೂನು; 2025ರವರೆಗೆ ಅದು 1948ರ ಕಾರ್ಖಾನೆಗಳ ಕಾಯ್ದೆಯಾಗಿತ್ತು.

ಬಾಗಿಲಿಗೂ ರಜೆಗೂ ಹಾಕಿದ್ದ ಗಂಟು ಸಡಿಲಾದದ್ದು 2021ರ ಜನವರಿಯಲ್ಲಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ದಿನದ 24 ಗಂಟೆ, ವರ್ಷವಿಡೀ ತೆರೆದಿರಬಹುದು ಎಂದು ಸರ್ಕಾರ ಮೂರು ವರ್ಷದ ಮಟ್ಟಿಗೆ ಆದೇಶಿಸಿತು. ಷರತ್ತು: ಸರದಿಯಂತೆ ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ ಸಿಗಬೇಕು. ಬೆಂಗಳೂರಿನ ಮಾಲ್‌ಗೆ ಇದು ಸರಿ, ಅಲ್ಲಿ ಪಾಳಿ ಹಾಕಲು ಜನರಿದ್ದಾರೆ. ಮೂವರು ಕೆಲಸಗಾರರ ಮಂಡಿಯಲ್ಲಿ ಬದಲಿಗೆ ಕೂರುವವರು ಯಾರೂ ಇಲ್ಲ, ಹಾಗಾಗಿ ಹಳೆಯ ಬಾಗಿಲು ಹಾಕುವ ಪದ್ಧತಿಯೇ ಅಲ್ಲಿನವರಿಗೆ ಈಗಲೂ ರಕ್ಷೆ ಎಂಬುದು ನನ್ನ ಅಭಿಪ್ರಾಯ. ಮಹಾರಾಷ್ಟ್ರ ಬೇರೆ ದಾರಿ ಹಿಡಿದಿದೆ. ಅಲ್ಲಿನ 2017ರ ಕಾಯ್ದೆ ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗಳಿಂದ ಮಾಹಿತಿ ಪತ್ರವೊಂದನ್ನು ಪಡೆದು ಸುಮ್ಮನಾಗುತ್ತದೆ. ಅಕ್ಕಲಕೋಟೆಯ ಕನ್ನಡಿಗ ಗುಮಾಸ್ತನಿಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ, ತಿಪಟೂರಿನವನಿಗೆ ಇಲ್ಲಿದೆ.

ಇದ್ದರೂ ಅದನ್ನು ಸಾಬೀತು ಮಾಡಬೇಕಾದ ಹೊತ್ತು ಬರುವುದು ಸಾಮಾನ್ಯವಾಗಿ ಕೆಲಸ ಹೋದ ದಿನ. ಆರು ತಿಂಗಳು ಬಿಡದೆ ದುಡಿದವನನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು ಎನ್ನುತ್ತದೆ 39ನೇ ಸೆಕ್ಷನ್. ಆರು ತಿಂಗಳಾಯಿತು ಎನ್ನಲು ಸಾಕ್ಷಿ ಏನು? ಅದಕ್ಕೆಂದೇ ಕಾಯ್ದೆಗೆ ಆಮೇಲೆ 6ಎ ಸೆಕ್ಷನ್ ಸೇರಿಸಿ, ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕೆಂದರು. ಅದನ್ನು ಕೇಳಿ ಪಡೆಯುವ ಗುಮಾಸ್ತರು ಕಡಿಮೆ. ಮನೆಯವನ ಹಾಗೆ ಇದ್ದೀಯ, ಪತ್ರ ಯಾಕೆ ಎಂದರೆ ಸುಮ್ಮನಾಗುತ್ತಾರೆ. ಪತ್ರವಿಲ್ಲದವನ ಕೈಲಿ ಉಳಿಯುವುದು ಸಂಬಳ ಜಮೆಯಾದ ಬ್ಯಾಂಕಿನ ಪಾಸ್‌ಬುಕ್ಕು, ಇಲ್ಲವಾದರೆ ಮಂಡಿಯ ಖಾತೆ ಪುಸ್ತಕದಲ್ಲಿ ಅವನೇ ಬರೆದ ಅಕ್ಷರ. ಪುಸ್ತಕ ಇರುವುದು ಮಾಲೀಕರ ಬೀರುವಿನಲ್ಲಿ.