ಎಡ್ಜ್‌ನಲ್ಲಿ ಲಾಗಿನ್ ಆಗುತ್ತೆ, ಕ್ರೋಮ್‌ನಲ್ಲಿ ಯಾಕೆ ಆಗಲ್ಲ?

ಇವತ್ತು ಒಂದು ಉದಾಹರಣೆ ತಗೊಳ್ಳೋಣ. ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ನಾಳೆನೇ ಕೊನೇ ದಿನ. ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಪಾಸ್‌ವರ್ಡ್ ಹಾಕಿ ಲಾಗಿನ್ ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ. ಅದೇ ಪಾಸ್‌ವರ್ಡ್ ಎಡ್ಜ್‌ನಲ್ಲಿ ಹಾಕಿದ್ರೆ ಸಲೀಸಾಗಿ ಒಳಗೆ ಬಿಡುತ್ತೆ.

ಹಾಗಿದ್ರೆ ಮೊದಲು ಅರ್ಜಿಯನ್ನ ಎಡ್ಜ್‌ನಲ್ಲೇ ಹಾಕಿ ಮುಗಿಸಿ. ಆಮೇಲೆ ಕಾರಣ ಹುಡುಕೋಣ. ಪಾಸ್‌ವರ್ಡ್ ಬದಲಾಯಿಸೋ ಅಗತ್ಯ ಇಲ್ಲ. ಎಡ್ಜ್‌ನಲ್ಲಿ ಕೆಲಸ ಮಾಡ್ತಿದೆ ಅಂದ್ರೆ ಪಾಸ್‌ವರ್ಡೂ ಸರಿ ಇದೆ, ಸೈಟೂ ಸರಿ ಇದೆ. ತೊಂದರೆ ಇರೋದು ನಿಮ್ಮ ಕ್ರೋಮ್ ಒಳಗೆ.

ಈಗ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ವಿಂಡೋ, ಅಂದ್ರೆ ಖಾಸಗಿ ವಿಂಡೋ ತೆರೆದು ಲಾಗಿನ್ ಮಾಡಿ ನೋಡಿ. ಇಲ್ಲಿ ಆಯ್ತು ಅಂತಿಟ್ಟುಕೊಳ್ಳಿ. ಈ ವಿಂಡೋದಲ್ಲಿ ಎರಡು ವಿಷಯ ಬೇರೆ ಇರುತ್ತೆ: ಹಳೇ ಕುಕೀಗಳು ಇರಲ್ಲ, ನೀವಾಗಿ ಅನುಮತಿ ಕೊಟ್ಟಿಲ್ಲದಿದ್ರೆ ಎಕ್ಸ್‌ಟೆನ್ಷನ್‌ಗಳೂ ಓಡಲ್ಲ. ಹಾಗಾಗಿ ಅನುಮಾನ ಈ ಎರಡರ ಮೇಲೆ.

ಯಾವುದು ಅಂತ ತಿಳಿಯೋಕೆ ಮಾಮೂಲಿ ವಿಂಡೋಗೆ ವಾಪಸ್ ಬನ್ನಿ. ವಿಳಾಸದ ಜಾಗದಲ್ಲಿ `chrome://extensions` ಅಂತ ಟೈಪ್ ಮಾಡಿ, ಎಲ್ಲಾ ಎಕ್ಸ್‌ಟೆನ್ಷನ್ ಆಫ್ ಮಾಡಿ. ತೆಗೆದುಹಾಕಬೇಡಿ, ಆಫ್ ಮಾಡಿದ್ರೆ ಸಾಕು. ಪುಟ ರಿಫ್ರೆಶ್ ಮಾಡಿ ಮತ್ತೆ ಪ್ರಯತ್ನಿಸಿ. ಆಗಲೂ ಲಾಗಿನ್ ಆಗದಿದ್ರೆ ಕುಕೀ ಕಡೆ ನೋಡಬೇಕು. ವಿಳಾಸದ ಎಡಕ್ಕಿರೋ ಐಕಾನ್ ಒತ್ತಿ, ಆ ಒಂದು ಸೈಟ್‌ನ ಡೇಟಾ ಮಾತ್ರ ಅಳಿಸಿ. ಎಲ್ಲಾ ಕುಕೀ ಅಳಿಸಿದ್ರೆ ಉಳಿದ ಸೈಟ್‌ಗಳಿಂದಲೂ ಲಾಗೌಟ್ ಆಗ್ತೀರಿ.

ನಮ್ಮ ಉದಾಹರಣೆಯಲ್ಲಿ 8 ಎಕ್ಸ್‌ಟೆನ್ಷನ್ ಇದ್ದವು. ಎಲ್ಲಾ ಆಫ್ ಮಾಡಿದಾಗ ಲಾಗಿನ್ ಆಯ್ತು, ಅಂದ್ರೆ ಕುಕೀ ತಪ್ಪಲ್ಲ. ಒಂದೊಂದಾಗಿ ಪರೀಕ್ಷಿಸೋ ಬದಲು ಅರ್ಧರ್ಧ ಮಾಡೋಣ. ಪ್ರತಿ ಸಲ ಲಾಗೌಟ್ ಮಾಡೋದು ಮರೀಬೇಡಿ, ಇಲ್ಲದಿದ್ರೆ ಹಳೇ ಲಾಗಿನ್ನೇ ಕಾಣಿಸುತ್ತೆ. 4 ಆನ್ ಮಾಡಿದ್ರು, ಲಾಗಿನ್ ಆಯ್ತು. ಉಳಿದ 4ರಲ್ಲಿ 2 ಆನ್ ಮಾಡಿದ್ರು, ಬಟನ್ ಮತ್ತೆ ಸುಮ್ಮನಾಯ್ತು. ಆ 2ರಲ್ಲಿ ಜಾಹೀರಾತು ತಡೆಯೋದನ್ನ ಆಫ್ ಮಾಡಿದ ಕೂಡಲೇ ಸರಿಹೋಯ್ತು. ಮೂರೇ ಸುತ್ತಲ್ಲಿ ಸಿಕ್ಕಿಬಿತ್ತು! ಲಾಗಿನ್ ಪುಟದ ಕ್ಯಾಪ್ಚಾ ಸ್ಕ್ರಿಪ್ಟನ್ನೂ ಅದು ತಡೀತಿತ್ತು. ಅದನ್ನ ತೆಗೆದುಹಾಕೋದು ಬೇಕಿಲ್ಲ, ಆ ಸೈಟ್‌ಗೆ ಮಾತ್ರ ಆಫ್ ಮಾಡಿಟ್ಟರೆ ಆಯ್ತು.

ಒಂದು ಎಚ್ಚರ: ಖಾಸಗಿ ವಿಂಡೋದಲ್ಲೂ ಲಾಗಿನ್ ಆಗದಿದ್ರೆ ಎಕ್ಸ್‌ಟೆನ್ಷನ್ ನಿರಪರಾಧಿ ಅಂತ ತಕ್ಷಣ ಹೇಳೋಕಾಗಲ್ಲ. ಬೇರೆ ಸೈಟ್ ಮೂಲಕ ಲಾಗಿನ್ ಆಗೋ ಕಡೆ ಮೂರನೇಯವರ ಕುಕೀ ಬೇಕಾಗಬಹುದು, ಇನ್‌ಕಾಗ್ನಿಟೋ ಅದನ್ನ ತಾನಾಗೇ ತಡೆಯುತ್ತೆ. ಆಗ ಮಾಮೂಲಿ ವಿಂಡೋದ ಪರೀಕ್ಷೆಯನ್ನೇ ನಂಬಿ.

ಇನ್ನು ಫೋನ್ ವಿಷಯ. ಆಂಡ್ರಾಯ್ಡ್ ಫೋನ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಇಲ್ಲ. ಅಲ್ಲಿ ಖಾಸಗಿ ಟ್ಯಾಬ್‌ನಲ್ಲಿ ಮಾತ್ರ ಲಾಗಿನ್ ಆದ್ರೆ ಮೊದಲ ಅನುಮಾನ ಕುಕೀ ಮೇಲೆನೇ ಇರಲಿ. ಫೈರ್‌ಫಾಕ್ಸ್‌ನಲ್ಲಿ ಆಡ್-ಆನ್‌ಗಳು ಇರುತ್ತವೆ, ಅಲ್ಲಿ ಎರಡನ್ನೂ ನೋಡಿ.